ಮದುವೆ ಮೆಡ್ಲಿಯಲ್ಲಿ ಅಡಗಿದ ಹಾಡುಗಳು

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಹರಡಿದ್ದ ಕಾಯಿ ಒಣಗಿ ಮೂಟೆ ಸೇರಿ, ಹೂಮಳೆ ಒಂದು ಹದ ಸುರಿದ ಮೇಲೆ ಮಲೆನಾಡಿನಲ್ಲಿ ಮದುವೆಗಳ ಸಾಲು ಶುರು. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಬಾಳೂರು ದಾಟಿ ಕಳಸದವರೆಗೆ ಯಾವ ತಿರುವಿನಲ್ಲಿ ನೋಡಿದರೂ ಬಾಳೆಕಂಬ, ಮಾವಿನ ತೋರಣ, ವಧೂವರರ ಹೆಸರಿನ ಫಲಕ. ಬೆಳಿಗ್ಗೆ ವಾಲಗದಲ್ಲಿ ಧಾರೆ ಮುಗಿದರೆ ಸಂಜೆಗೆ ಡಿಜೆ. ಚಳಿಗಾಲವೆಲ್ಲ ಕಾಫಿ ಒಣಗಿಸಿದ ಸಿಮೆಂಟು ಕಣದ ಮೇಲೆ ಆಳೆತ್ತರದ ಸ್ಪೀಕರು ನಿಲ್ಲುತ್ತವೆ, ತೋಟದ ಅಂಚಿನಲ್ಲಿ ಜನರೇಟರ್ ಗುಡುಗುತ್ತಿರುತ್ತದೆ.

ಹುಡುಗ ಹುಡುಗಿ ವೇದಿಕೆ ಹತ್ತುವ ಹೊತ್ತಿಗೆ ಹಾಡು ಬರುತ್ತದೆ. ಒಂದು ಹಾಡಲ್ಲ, ಹಾಡುಗಳ ಹಿಂಡು. ಒಂದರ ಬಾಲಕ್ಕೆ ಇನ್ನೊಂದರ ತಲೆ. ಕುಣಿಯುವವರು ನಿಲ್ಲುವುದಿಲ್ಲ, ಕುರ್ಚಿಯಲ್ಲಿ ಕುಳಿತವರಲ್ಲಿ ಮಾತ್ರ ಜಗಳ ಹತ್ತುತ್ತದೆ. "ಇದು ಗೀತಾ ಪಿಕ್ಚರಿಂದು ಕಣೋ, ಶಂಕರ್‌ನಾಗ್‌ದು" ಎನ್ನುತ್ತಾರೆ ಚಿಕ್ಕಮ್ಮ. "ಅಲ್ಲ ಚಿಕ್ಕಮ್ಮ, ಅಮಿತಾಭ್ ಬಚ್ಚನ್‌ದು, ಹಿಂದಿ" ಎನ್ನುತ್ತಾನೆ ಹುಡುಗ. ಮರುದಿನ ವಿಡಿಯೊ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ ಅದೇ ಪ್ರಶ್ನೆ ಮತ್ತೆ: ಮಧ್ಯದಲ್ಲಿ ಬಂತಲ್ಲ, ಅದು ಯಾವ ಹಾಡು?

ಈ ಪ್ರಶ್ನೆಗೆ ಊಹೆಯಿಂದಲ್ಲದೆ ಕ್ರಮವಾಗಿ ಉತ್ತರ ಹುಡುಕಬಹುದು. ಅದಕ್ಕೆ ಸಂಗೀತ ಕಲಿತಿರಲೇಬೇಕೆಂದಿಲ್ಲ. ಒಂದು ಹೆಡ್‌ಫೋನ್, ಒಂದು ಹಾಳೆ, ಸ್ವಲ್ಪ ತಾಳ್ಮೆ, ಪಕ್ಕದಲ್ಲಿ ಹಿರಿಯರೊಬ್ಬರು ಇದ್ದರೆ ಸಾಕು.

ಪೋಣಿಸಿದ್ದೋ, ಹೇರಿದ್ದೋ

ಮೊದಲು ತಿಳಿಯಬೇಕಾದ್ದು ಕೈಯಲ್ಲಿರುವುದು ಮೆಡ್ಲಿಯೋ, ಮ್ಯಾಶಪ್ಪೋ ಎಂಬುದು. ಮೆಡ್ಲಿಯಲ್ಲಿ ಹಾಡುಗಳು ಒಂದಾದ ಮೇಲೊಂದು ಬರುತ್ತವೆ. ಆರ್ಕೆಸ್ಟ್ರಾದವರು, ಬ್ಯಾಂಡ್‌ಸೆಟ್‌ನವರು ದಶಕಗಳಿಂದ ಮಾಡಿಕೊಂಡು ಬಂದಿರುವುದು ಇದನ್ನೇ. ಒಂದು ಪಲ್ಲವಿ, ಅದರ ಹಿಂದೆಯೇ ಇನ್ನೊಂದು ಪಲ್ಲವಿ, ನಡುವೆ ತಾಳ ಮುರಿಯದಂತೆ ಡ್ರಮ್ಮಿನ ಸೇತುವೆ. ಮ್ಯಾಶಪ್‌ನಲ್ಲಿ ಹಾಡುಗಳು ಒಂದರ ಮೇಲೊಂದು ಕೂರುತ್ತವೆ. ದನಿ ಒಂದು ಹಾಡಿನದು, ವಾದ್ಯ ಇನ್ನೊಂದರದು, ಕೆಳಗಿನ ಹೊಡೆತ ಮೂರನೆಯದರದು. ಇದು ಕಂಪ್ಯೂಟರ್ ಬಂದ ಮೇಲೆ ಸುಲಭವಾದ ಕೆಲಸ.

ಮದುವೆ ಮನೆಯ ಡಿಜೆ ಇವೆರಡನ್ನೂ ಬೆರೆಸುತ್ತಾನೆ. ಆದ್ದರಿಂದ "ಈಗ ಯಾವ ಹಾಡು ಬರ್ತಿದೆ" ಎಂದು ಕೇಳಿಕೊಂಡರೆ ದಾರಿ ತಪ್ಪುತ್ತೇವೆ. "ಈ ಹದಿನಾರು ಸೆಕೆಂಡಿನಲ್ಲಿ ಏನೇನು ಒಟ್ಟಿಗೆ ಕೇಳ್ತಿದೆ" ಎಂದು ಕೇಳಿಕೊಳ್ಳಬೇಕು.

ಹದಿನಾರು ಸೆಕೆಂಡು ಎಂದದ್ದಕ್ಕೆ ಕಾರಣವಿದೆ. ಕುಣಿತದ ಹಾಡುಗಳು ಹೆಚ್ಚಾಗಿ ನಾಲ್ಕರ ಎಣಿಕೆಯಲ್ಲಿ ನಡೆಯುತ್ತವೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಹಾರುವವರು ಎಂಟು ಬಾರಿ ನಾಲ್ಕು, ಅಂದರೆ 32 ಹೊಡೆತ ತುಂಬಿದ ಜಾಗದಲ್ಲಿ ಹಾರುತ್ತಾರೆ. ಇಲ್ಲದಿದ್ದರೆ ಕುಣಿಯುವವರ ಕಾಲು ತಪ್ಪುತ್ತದೆ. ನಿಮಿಷಕ್ಕೆ 120 ಹೊಡೆತದ ಓಟದಲ್ಲಿ 32 ಹೊಡೆತಕ್ಕೆ 16 ಸೆಕೆಂಡು ಹಿಡಿಯುತ್ತದೆ. ಕಾಲಲ್ಲಿ ತಾಳ ಹಾಕುತ್ತ ಎಣಿಸಿದರೆ ಮುಂದಿನ ಬೆಸುಗೆ ಎಲ್ಲಿ ಬರಬಹುದೆಂದು ಮೊದಲೇ ಗೊತ್ತಾಗುತ್ತದೆ. ಬೆಸುಗೆಗೆ ಕಿವಿಗೆ ಸಿಗುವ ಗುರುತುಗಳೂ ಇವೆ. ತಾಳದ ತಟ್ಟೆಯ ಝಣತ್ಕಾರ, ಗಾಳಿ ಬೀಸಿದಂತೆ ಏರುವ ಸದ್ದು, ಒಂದು ಕ್ಷಣ ಎಲ್ಲ ನಿಂತು ಮತ್ತೆ ಧಡ್ ಎಂದು ಬೀಳುವ ಹೊಡೆತ. ಈ ಗುರುತು ಸಿಕ್ಕ ಕಡೆಯಲ್ಲೆಲ್ಲ ನಿಮಿಷ, ಸೆಕೆಂಡು ಬರೆದುಕೊಳ್ಳಿ. ಹಾಡಿನ ಹೆಸರು ಬರೆಯುವುದು ಆಮೇಲಿನ ಕೆಲಸ.

ಒಂದು ಮಾದರಿ ಬಿಡಿಸೋಣ

ಈ ಕಡೆಯ ರಿಸೆಪ್ಷನ್‌ಗಳಲ್ಲಿ ಕಿವಿಗೆ ಬೀಳುವಂಥ ತುಣುಕುಗಳನ್ನೇ ಜೋಡಿಸಿ ಒಂದು ಮಾದರಿ ಮೆಡ್ಲಿ ಕಟ್ಟಿಕೊಳ್ಳೋಣ. ಶುರುವಿಗೆ ಬರೀ ವಾಲಗದ ಹೊಡೆತ. ಅದರ ಮೇಲೆ ಕೀಬೋರ್ಡಿನಲ್ಲಿ ಒಂದು ಪ್ರೇಮಗೀತೆಯ ಧಾಟಿ. ಆಮೇಲೆ ಎಲ್ಲರಿಗೂ ಗೊತ್ತಿರುವ, ಯಾರಿಗೂ ಹೆಸರು ನೆನಪಾಗದ ಒಂದು ವಾದ್ಯಸಂಗೀತ. ಅಲ್ಲಿಂದ ಜನಪದದ ಒಂದು ಕೂಗು. ಕೊನೆಗೆ ಪುಂಗಿಯ ನಾದ, ಅದರೊಳಗೆ ನುಗ್ಗುವ ಉತ್ತರ ಕರ್ನಾಟಕದ ಮಾತಿನ ಹಾಡು.

ವಾಲಗದಿಂದಲೇ ಹೊರಡೋಣ. ಮೂಡಿಗೆರೆ, ಸಕಲೇಶಪುರದ ಆಚೆಗೆ ಕೊಡಗು ದೂರವಿಲ್ಲ. ಕೊಂಬು, ಕೊಟ್ಟು, ವಾಲಗದ ಆ ತೂಗಾಡುವ ಲಯಕ್ಕೆ ಕೈ ಎತ್ತಿ ಕುಣಿಯುವುದು ಈಗ ಈ ಕಡೆಯ ಮದುವೆಗಳಲ್ಲೂ ಇದೆ. ಹೆಸರು ಹುಡುಕುವವರು ಮೊದಲು ಎಡವುವುದೂ ಇಲ್ಲೇ. ಇದು ಯಾವ ಸಿನಿಮಾದ್ದು ಎಂದು ಗಂಟೆಗಟ್ಟಲೆ ತಡಕುತ್ತಾರೆ. ಯಾವ ಸಿನಿಮಾದ್ದೂ ಅಲ್ಲ. ತಲೆಮಾರುಗಳಿಂದ ಬಂದ ನುಡಿಸಾಣಿಕೆಗೆ ಒಬ್ಬ ಕರ್ತೃವಿಲ್ಲ, ಒಂದು ಇಸವಿಯೂ ಇಲ್ಲ. ಪಟ್ಟಿಯಲ್ಲಿ "ಕೊಡಗಿನ ವಾಲಗ, ಸಾಂಪ್ರದಾಯಿಕ" ಎಂದು ಬರೆದರೆ ಅದೇ ಸರಿಯಾದ, ಪೂರ್ಣ ಉತ್ತರ.

ಎರಡನೆಯದು ಕೀಬೋರ್ಡಿನ ಧಾಟಿ. ಚಿಕ್ಕಮ್ಮನಿಗೂ ಹುಡುಗನಿಗೂ ಜಗಳ ಹತ್ತಿದ್ದು ಇದರ ಮೇಲೇ. ವಿಷಯವೇನೆಂದರೆ ಇಬ್ಬರ ಕಿವಿಯೂ ಸರಿ. 1981ರಲ್ಲಿ ಬಂದ ಶಂಕರ್‌ನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಮಾಡಿದ 'ಜೊತೆಯಲಿ' ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿದರು. ಅದೇ ಧಾಟಿಯನ್ನು ಇಳಯರಾಜ 1984ರ ತಮಿಳಿನ 'ನೂರಾವದು ನಾಳ್' ಚಿತ್ರದಲ್ಲಿ ಮತ್ತೆ ಬಳಸಿದರು. 2007ರಲ್ಲಿ ಅಮಿತಾಭ್ ಮತ್ತು ತಬು ನಟಿಸಿದ 'ಚೀನಿ ಕಮ್'ನಲ್ಲಿ ಅದು 'ಜಾನೇ ದೋ ನಾ' ಆಗಿ ಹಿಂದಿಗೆ ಹೋಯಿತು. ಧಾಟಿ ಒಂದು, ಹಾಡು ಮೂರು.

ಹಾಡಿದ ದನಿ ಇದ್ದಿದ್ದರೆ ಭಾಷೆಯೇ ಹೇಳಿಬಿಡುತ್ತಿತ್ತು. ಬರೀ ಕೀಬೋರ್ಡಾದರೆ ಏನು ಬರೆಯಬೇಕು? ಎರಡು ಕಡೆ ಗಮನ ಕೊಡಿ. ಒಂದು, ಹಾಡಿನ ನಡುವೆ ಬರುವ ವಾದ್ಯದ ತುಣುಕು. ಧಾಟಿಯನ್ನು ಉಳಿಸಿಕೊಂಡರೂ ಸಂಗೀತ ನಿರ್ದೇಶಕರು ಆ ಮಧ್ಯದ ತುಣುಕನ್ನು ಪ್ರತಿ ಚಿತ್ರಕ್ಕೂ ಹೊಸದಾಗಿ ಬರೆಯುವುದುಂಟು. ನುಡಿಸುವವನು ಅದನ್ನೂ ನುಡಿಸಿದ್ದರೆ ಅವನು ಕಲಿತದ್ದು ಯಾವ ಹಾಡಿನಿಂದ ಎಂದು ತಿಳಿಯುತ್ತದೆ. ಎರಡು, ಓಟ. ಮೂರೂ ಹಾಡನ್ನು ಬೆನ್ನುಬೆನ್ನಿಗೆ ಕೇಳಿ, ಮೆಡ್ಲಿಯದು ಯಾವುದರ ನಡಿಗೆಗೆ ಹತ್ತಿರವಿದೆ ನೋಡಿ. ಎರಡೂ ಸಿಗದಿದ್ದರೆ ಮೊದಲು ಬಂದದ್ದನ್ನು ಬರೆಯುವುದೇ ನ್ಯಾಯ. ಆ ಲೆಕ್ಕದಲ್ಲಿ ಗೆದ್ದವರು ಚಿಕ್ಕಮ್ಮ.

ಜಾಹೀರಾತಿನಲ್ಲಿ ಕೇಳಿದ್ದು

ಮೂರನೆಯ ತುಣುಕು ಬಂದ ಕೂಡಲೇ ಮೂವತ್ತು ದಾಟಿದವರೆಲ್ಲ "ಐಡಿಯಾ ಮೊಬೈಲಿನ ಜಾಹೀರಾತು" ಎನ್ನುತ್ತಾರೆ. ಜಾಹೀರಾತಿನಲ್ಲಿ ಬಳಸಿದ್ದು ನಿಜ. ಆದರೆ ಅದು ಹುಟ್ಟಿದ್ದು 1983ರ 'ಪಲ್ಲವಿ ಅನುಪಲ್ಲವಿ' ಎಂಬ ಕನ್ನಡ ಚಿತ್ರದಲ್ಲಿ, ಹಿನ್ನೆಲೆ ಸಂಗೀತವಾಗಿ. ಸಂಗೀತ ಮತ್ತೆ ಇಳಯರಾಜ. ನಿರ್ದೇಶಕ ಮಣಿರತ್ನಂ ಅವರ ಮೊದಲ ಚಿತ್ರ ಅದು.

ಹಿನ್ನೆಲೆ ಸಂಗೀತವನ್ನು ಗುರುತಿಸುವುದು ಹಾಡಿಗಿಂತ ಕಷ್ಟ. ಹುಡುಕಲು ಪದವಿಲ್ಲ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅದಕ್ಕೆ ಹೆಸರೂ ಇರುತ್ತಿರಲಿಲ್ಲ. ಇಂಥ ಕಡೆ ಜನ ಹೇಳುವ ತಪ್ಪು ಉತ್ತರವೂ ಕೆಲಸಕ್ಕೆ ಬರುತ್ತದೆ. ಜಾಹೀರಾತಿನ ಹೆಸರು ಹಿಡಿದು ಹುಡುಕಿದರೆ ಚಿತ್ರದ ಹೆಸರು ಎರಡನೆಯ ಹೆಜ್ಜೆಗೆ ಸಿಕ್ಕಿಬಿಡುತ್ತದೆ. ಆದ್ದರಿಂದ ಯಾರು ಏನು ಊಹಿಸಿದರೂ ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು 'ಕೋಲುಮಂಡೆ'. ಮಲೆ ಮಹದೇಶ್ವರನ ಸೀಮೆಯ ಜನಪದ ಇದು. ಕನ್ನಡಿಗರೆಲ್ಲರ ಕಿವಿಗೆ ಮುಟ್ಟಿಸಿದ್ದು ಟಿ.ಎಸ್. ನಾಗಾಭರಣ ಅವರ 1996ರ 'ಜನುಮದ ಜೋಡಿ'. ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದರು, ಅದಕ್ಕೆ ರಾಜ್ಯ ಪ್ರಶಸ್ತಿಯೂ ಬಂತು. 2020ರಲ್ಲಿ ಚಂದನ್ ಶೆಟ್ಟಿ ಅದೇ ಹೆಸರಿನಲ್ಲಿ ರ‍್ಯಾಪ್ ಹಾಡು ಮಾಡಿದರು. ಅದರ ದೃಶ್ಯಗಳಿಗೆ ಭಕ್ತರ ಆಕ್ಷೇಪ ಬಂದು ವಿಡಿಯೊ ಹಿಂತೆಗೆದುಕೊಳ್ಳಬೇಕಾಯಿತು. ಡಿಜೆಯ ಪೆಟ್ಟಿಗೆಯಲ್ಲಿ ಇವೆರಡೂ ಇರಬಹುದು, ಮೂಲ ಜನಪದ ಹಾಡುಗಾರರ ಧ್ವನಿಮುದ್ರಣವೂ ಇರಬಹುದು. ಹಾಡುವ ಗಂಟಲು, ಅದರ ಸುತ್ತ ಕೇಳುವ ವಾದ್ಯ ಎರಡನ್ನೂ ಬೇರೆಬೇರೆ ಕೇಳಿ. ಕಂಸಾಳೆಯ ತಾಳ ಸಹಜವಾಗಿ ಉಸಿರಾಡುತ್ತಿದ್ದರೆ ಒಂದು ಕಡೆ, ಯಂತ್ರದ ಹೊಡೆತ ಗಡಿಯಾರದಷ್ಟು ಸಮವಾಗಿದ್ದರೆ ಇನ್ನೊಂದು ಕಡೆ. ಯಂತ್ರದ ಹೊಡೆತ ಡಿಜೆಯೇ ಸೇರಿಸಿದ್ದೂ ಆಗಿರಬಹುದಾದ್ದರಿಂದ ಕೊನೆಯ ಮಾತು ಗಂಟಲಿನದೇ.

ಪಟ್ಟಿಯಲ್ಲಿ ಇದಕ್ಕೆ ಎರಡು ಸಾಲು ಬೇಕು. ಮೂಲ ಜನಪದ ಒಂದು, ಬಳಸಿದ ಧ್ವನಿಮುದ್ರಣ ಇನ್ನೊಂದು. ಹಾಡೇ ಬೇರೆ, ಅದರ ಧ್ವನಿಮುದ್ರಣವೇ ಬೇರೆ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮೆಡ್ಲಿ ಬಿಡಿಸುವಾಗಿನ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಪುಂಗಿಯೊಳಗಿನ ಚುಟು ಚುಟು

ಕೊನೆಯ ಹದಿನಾರು ಸೆಕೆಂಡಿನಲ್ಲಿ ಮೂರು ಪದರ ಒಟ್ಟಿಗೆ ಇವೆ. ತಳದಲ್ಲಿ ಶುರುವಿನ ವಾಲಗದ ಹೊಡೆತ ಮತ್ತೆ ಬಂದಿದೆ. ನಡುವೆ ಗಂಡು ಹೆಣ್ಣಿನ ದನಿ. ಸಾಲು ಮುಗಿದ ಕಡೆಯಲ್ಲೆಲ್ಲ ಪುಂಗಿ.

ದನಿಯದು ಸುಲಭ. 'ಚುಟು ಚುಟು' ಎಂಬ ಪದವೇ ಸಾಕು. 2018ರ 'ರ‍್ಯಾಂಬೊ 2' ಚಿತ್ರ, ಅರ್ಜುನ್ ಜನ್ಯ ಸಂಗೀತ, ರವೀಂದ್ರ ಸೊರಗಾವಿ ಮತ್ತು ಶಮಿತಾ ಮಲ್ನಾಡ್ ದನಿ. ಆದರೆ ಡಿಜೆಗಳು ಎಲ್ಲರಿಗೂ ಗೊತ್ತಿರುವ ಪಲ್ಲವಿಯನ್ನು ಬಿಟ್ಟು ಚರಣವನ್ನು ಕತ್ತರಿಸಿ ಹಾಕುವುದುಂಟು. ಆಗ ಸ್ಪಷ್ಟವಾಗಿ ಕೇಳುವ ಎರಡು ಮೂರು ಪದಗಳನ್ನು ಹಿಡಿದು ಹುಡುಕಬೇಕು. ಕನ್ನಡ ಅಕ್ಷರದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಹಾಡಿನ ಸಾಹಿತ್ಯ ಎರಡು ರೀತಿಯಲ್ಲೂ ಹರಡಿರುತ್ತದೆ. ಪದ ಸರಿಯಾಗಿ ಕೇಳದಿದ್ದರೆ ವಿಡಿಯೊ ಓಟವನ್ನು 0.75ಕ್ಕೆ ಇಳಿಸಿ ಕೇಳಿ.

ಪುಂಗಿಯದು ಸೂಕ್ಷ್ಮ. 'ನಾಗಿನ್ ಡ್ಯಾನ್ಸ್' ಎಂದು ಎಲ್ಲರೂ ಹೇಳುವ ನಾದಕ್ಕೆ ಎರಡು ಮೂಲಗಳಿವೆ. ಹೇಮಂತ್ ಕುಮಾರ್ ಸಂಗೀತದ 1954ರ 'ನಾಗಿನ್' ಒಂದು. ಲಕ್ಷ್ಮೀಕಾಂತ್ ಪ್ಯಾರೇಲಾಲ್ ಸಂಗೀತದ, ಶ್ರೀದೇವಿ ನಟಿಸಿದ 1986ರ 'ನಗೀನಾ' ಇನ್ನೊಂದು. ಎರಡರ ಧಾಟಿಯೂ ಬೇರೆ. ಮೂಲ ಹಾಡುಗಳನ್ನು ಒಮ್ಮೆ ಕೇಳಿಸಿಕೊಂಡರೆ ಮತ್ತೆ ಗುರುತು ತಪ್ಪುವುದಿಲ್ಲ. 1954ರ ಆ ಪುಂಗಿ ನಿಜವಾದ ಪುಂಗಿಯೂ ಅಲ್ಲ. ಕಲ್ಯಾಣ್‌ಜಿ ಕ್ಲೇವಿಯೊಲಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ, ರವಿ ಹಾರ್ಮೋನಿಯಂನಲ್ಲಿ ಹುಟ್ಟಿಸಿದ ನಾದ ಅದು. ಮುಂದೆ ಇಬ್ಬರೂ ಹೆಸರಾಂತ ಸಂಗೀತ ನಿರ್ದೇಶಕರಾದರು. ಬ್ಯಾಂಡ್‌ಸೆಟ್‌ನವರ ಕ್ಲಾರಿನೆಟ್ಟಿಗೆ ಆ ಧಾಟಿ ಇಳಿದು, ಈಗ ಡಿಜೆಯ ಗುಂಡಿಯೊಂದಕ್ಕೆ ಬಂದು ಕುಳಿತಿದೆ.

ಮೊಬೈಲು ಯಾಕೆ ಸೋಲುತ್ತದೆ

"ಇಷ್ಟೆಲ್ಲ ಯಾಕೆ, ಶಝಾಮ್ ಹಾಕಿದ್ರೆ ಆಯ್ತಲ್ಲ" ಎನ್ನುವವರಿದ್ದಾರೆ. ಹಾಕಬೇಕು. ಆದರೆ ಅದು ಏನು ಮಾಡುತ್ತದೆಂದು ತಿಳಿದು ಹಾಕಬೇಕು.

ಶಝಾಮ್ ಬ್ರಿಟನ್ನಿನಲ್ಲಿ 2002ರಲ್ಲಿ ಶುರುವಾದದ್ದು ಫೋನ್ ಸೇವೆಯಾಗಿ. 2580 ಒತ್ತಿ ಫೋನನ್ನು ಸ್ಪೀಕರಿನ ಕಡೆ ಹಿಡಿದರೆ ಹಾಡಿನ ಹೆಸರು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು. ಅದರ ಹಿಂದಿನ ವಿಧಾನ ರೂಪಿಸಿದವರು ಏವರಿ ವಾಂಗ್. ಹಾಡನ್ನು ಒಂದು ನಕ್ಷೆ ಮಾಡಿಕೊಳ್ಳುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿಂದ ಮೇಲಕ್ಕೆ ಶ್ರುತಿಯ ಎತ್ತರ. ಅದರಲ್ಲಿ ಅತಿ ಜೋರಾದ ಬಿಂದುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸಿಬಿಡುತ್ತದೆ. ಉಳಿದದ್ದು ಆಕಾಶದ ನಕ್ಷತ್ರಪುಂಜದಂತೆ ಕಾಣುತ್ತದೆ. ಬಿಂದು ಬಿಂದುಗಳ ನಡುವಿನ ಅಂತರವನ್ನು ತನ್ನ ಸಂಗ್ರಹದ ಪುಂಜಗಳೊಂದಿಗೆ ಹೋಲಿಸಿ ಹೆಸರು ಹೇಳುತ್ತದೆ.

ಜನರೇಟರ್ ಸದ್ದು, ಮಕ್ಕಳ ಕಿರುಚಾಟ ಅದಕ್ಕೆ ಅಷ್ಟೇನೂ ತೊಡಕಲ್ಲ. ಅವು ಬೇಡದ ಬಿಂದುಗಳನ್ನು ಸೇರಿಸುತ್ತವೆಯೇ ಹೊರತು ಹಾಡಿನ ಬಿಂದುಗಳಲ್ಲಿ ಬಹಳಷ್ಟು ಅಲ್ಲೇ ಉಳಿದಿರುತ್ತವೆ. ಕೈಕೊಡುವುದು ಬೇರೆ ಕಡೆ. ಆರ್ಕೆಸ್ಟ್ರಾದವರು ಅದೇ ಹಾಡನ್ನು ಎಷ್ಟೇ ಚೆನ್ನಾಗಿ ಹಾಡಿದರೂ ಬಿಂದುಗಳೆಲ್ಲ ಹೊಸವು. ಅದಕ್ಕೆ ಗೊತ್ತಿರುವುದು ಧ್ವನಿಮುದ್ರಣ, ಹಾಡಲ್ಲ.

ಡಿಜೆ ಓಟ ಬದಲಿಸಿದಾಗಲೂ ಹೀಗೆಯೇ. ನಿಮಿಷಕ್ಕೆ 100 ಹೊಡೆತದ ಹಾಡನ್ನು ಪಕ್ಕದ ಹಾಡಿಗೆ ಹೊಂದಿಸಲು 106ಕ್ಕೆ ಏರಿಸಿದ ಎನ್ನಿ. ಹಳೆಯ ರೀತಿಯಲ್ಲಿ ಏರಿಸಿದರೆ ಸುಮಾರು ಶೇ 6ರ ಈ ವೇಗಕ್ಕೆ ಶ್ರುತಿ ಅರ್ಧ ಮನೆ ಮೇಲೇರುತ್ತದೆ. ಬಿಳಿ ಒಂದರಲ್ಲಿದ್ದ ಹಾಡು ಕಪ್ಪು ಒಂದಕ್ಕೆ ಬರುತ್ತದೆ, ಗಾಯಕಿಯ ದನಿ ಎಳೆಯ ಹುಡುಗಿಯದಾಗುತ್ತದೆ. ಈಗಿನ ಸಾಫ್ಟ್‌ವೇರುಗಳಲ್ಲಿ ಶ್ರುತಿಯನ್ನು ಹಿಡಿದಿಟ್ಟು ಓಟ ಮಾತ್ರ ಏರಿಸುವ ಸೌಲಭ್ಯವಿದೆ. ಹೇಗೆ ಮಾಡಿದರೂ ಬಿಂದುಗಳ ಅಂತರ ಕೆಡುತ್ತದೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಮೂಲ ಹಾಡಿನ ಶ್ರುತಿಗೂ ಮೆಡ್ಲಿಯ ಶ್ರುತಿಗೂ ಎಷ್ಟು ವ್ಯತ್ಯಾಸವೆಂದು ಕೂತು ಅಳೆಯಬಹುದು. ವ್ಯತ್ಯಾಸ ಅರ್ಧ ಮನೆಯಾಗಿದ್ದರೆ ವಿಡಿಯೊ ಓಟವನ್ನು ಇಳಿಸುವುದಲ್ಲ, ಧ್ವನಿ ಸಂಪಾದಿಸುವ ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರಿನಲ್ಲಿ ವೇಗ, ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸಿ, ಆಮೇಲೆ ಫೋನಿಗೆ ಕೇಳಿಸಿ.

ಇನ್ನೊಂದು ಎಚ್ಚರ. ಪದರಗಳಿರುವ ಕಡೆ ಅದು ಒಂದೇ ಹೆಸರು ಹೇಳುತ್ತದೆ, ಯಾವುದರ ಬಿಂದು ಹೆಚ್ಚಿದೆಯೋ ಅದರದು. ನಾಲ್ಕೈದು ಸೆಕೆಂಡು ಮುಂದೆ ಹೋಗಿ ಕೇಳಿಸಿದರೆ ಇನ್ನೊಂದು ಹೆಸರು ಬರಬಹುದು. ಎರಡೂ ಸರಿಯೇ. ಕೆಲವೊಮ್ಮೆ ಬೇರೆ ಯಾರೋ ಡಿಜೆಯ ರೀಮಿಕ್ಸಿನ ಹೆಸರು ಬರುತ್ತದೆ. ಆಗ ಕೆಲಸ ಮುಗಿದಂತಲ್ಲ. ಬಿಡಿಸಲು ಇನ್ನೊಂದು ಗಂಟು ಸಿಕ್ಕಿತು ಎಂದು ಅರ್ಥ.

ಕಾನೂನಿನ ಒಂದು ಬಾಗಿಲು

ಡಿಜೆ ಹಾಕಿದ ಹಾಡುಗಳ ಪಟ್ಟಿ ಎಲ್ಲೂ ಯಾಕೆ ಸಿಗುವುದಿಲ್ಲ? ಕೊಡಬೇಕೆಂಬ ಒತ್ತಾಯವೇ ಇಲ್ಲ ಎಂಬುದು ಒಂದು ಕಾರಣ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಪ್ರಕಾರ ಧಾರ್ಮಿಕ ಸಮಾರಂಭದಲ್ಲಿ ಹಾಡು ನುಡಿಸಿದರೆ ಹಕ್ಕಿನ ಉಲ್ಲಂಘನೆಯಲ್ಲ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ. 2023ರ ಜುಲೈನಲ್ಲಿ ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿ ಪ್ರಕಟಣೆ ಹೊರಡಿಸಿತು. ಹಾಗಾಗಿ ಮದುವೆಯಲ್ಲಿ ಯಾರ ಹಾಡೆಂದು ಯಾರೂ ಲೆಕ್ಕ ಇಡುವುದಿಲ್ಲ.

ವಿಡಿಯೊವನ್ನು ಯೂಟ್ಯೂಬಿಗೆ ಏರಿಸಿದರೆ ಆ ವಿನಾಯಿತಿ ಜೊತೆಗೆ ಬರುವುದಿಲ್ಲ. ನಮ್ಮ ಹುಡುಕಾಟಕ್ಕೆ ಇದೇ ಅನುಕೂಲ. 2007ರಿಂದ ಯೂಟ್ಯೂಬಿನಲ್ಲಿ ಕಂಟೆಂಟ್ ಐಡಿ ಎಂಬ ತಪಾಸಣೆ ಇದೆ. ಸಂಗೀತ ಕಂಪನಿಗಳು ಕೊಟ್ಟ ಹಾಡುಗಳೊಂದಿಗೆ ಪ್ರತಿ ವಿಡಿಯೊವನ್ನೂ ಅದು ಹೋಲಿಸುತ್ತದೆ. ಮದುವೆ ವಿಡಿಯೊವನ್ನು ಯಾರಿಗೂ ಕಾಣದಂತೆ `Private` ಎಂದು ಆರಿಸಿ ಏರಿಸಿದರೂ ತಪಾಸಣೆ ನಡೆಯುತ್ತದೆ. ಹಾಡು ಸಿಕ್ಕಿಬಿದ್ದರೆ ಅದರ ಹೆಸರು, ಹಕ್ಕು ಯಾರದು, ಎಷ್ಟನೇ ಸೆಕೆಂಡಿನಿಂದ ಎಷ್ಟನೇ ಸೆಕೆಂಡಿನವರೆಗೆ ಎಂಬುದೆಲ್ಲ ವಿವರದಲ್ಲಿ ಬರುತ್ತದೆ. ಏರಿಸುವಾಗಲೇ ಇದನ್ನು ನೋಡಿಕೊಂಡು ವಿಡಿಯೊ ಅಳಿಸಿಬಿಡಬಹುದು. ನೀವು ಗುರುತು ಮಾಡಿಟ್ಟ ಬೆಸುಗೆಯ ಸಮಯಗಳೊಂದಿಗೆ ಆ ಸೆಕೆಂಡುಗಳನ್ನು ತಾಳೆ ನೋಡಿದರೆ ಪಟ್ಟಿ ಗಟ್ಟಿಯಾಗುತ್ತದೆ. ಆದರೆ ಇದಕ್ಕೂ ಗೊತ್ತಿರುವುದು ಕಂಪನಿಗಳು ಕೊಟ್ಟ ಹಾಡು ಮಾತ್ರ. ವಾಲಗದ ಸಾಲು ಖಾಲಿಯೇ ಉಳಿಯುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಧಾರೆಯ ಹೊತ್ತಿಗೆ, ಅರಿಶಿನ ಹಚ್ಚುವ ಹೊತ್ತಿಗೆ ಹೆಂಗಸರು ಹಾಡಿದ ಸೋಬಾನೆ ಪದ. ಕೆಲವು ವಿಡಿಯೊಗಳಲ್ಲಿ ಮೆಡ್ಲಿ ಶುರುವಾಗುವ ಮೊದಲು ಅದರ ನಾಲ್ಕು ಸೆಕೆಂಡು ಸಂಪಾದಕರು ಅಂದಕ್ಕೆಂದು ಸೇರಿಸಿರುತ್ತಾರೆ. ಅದನ್ನು ಹೆಸರಿಸಬಲ್ಲವರು ಹಾಡಿದವರೇ. ಯಾರಿಂದ ಕಲಿತರು, ಯಾವ ಊರಿನ ಧಾಟಿ, ಯಾವ ಶಾಸ್ತ್ರಕ್ಕೆ ಹಾಡುವುದು ಎಂದು ಅವರನ್ನೇ ಕೇಳಿ ಬರೆದುಕೊಳ್ಳಬೇಕು, ಅದೂ ಅವರು ಹೇಳಬಲ್ಲ ಕಾಲದಲ್ಲೇ.

ಈ ಬೇಸಿಗೆಯಲ್ಲಿ ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಎರಡು ಕೆಲಸ ಮಾಡಿ. ಡಿಜೆಗೆ ಮುಂಗಡ ಕೊಡುವಾಗಲೇ ಮೆಡ್ಲಿಯ ಮೂಲ ಫೈಲನ್ನೂ ಅದರಲ್ಲಿ ಬಳಸಿದ ಹಾಡುಗಳ ಪಟ್ಟಿಯನ್ನೂ ಕೊಡುವಂತೆ ಹೇಳಿ. ಫೋನಿನಲ್ಲಿ ಹಿಡಿದ ವಿಡಿಯೊಗಿಂತ ಆ ಫೈಲು ನೂರು ಪಾಲು ವಾಸಿ. ಆ ಪಟ್ಟಿಗೆ ಸೋಬಾನೆ ಹಾಡಿದವರ ಹೆಸರು ಸೇರಿಸಿ, ಮದುವೆ ಆಲ್ಬಮ್ಮಿನ ಕೊನೆಯ ಪುಟಕ್ಕೆ ಅಂಟಿಸಿಡಿ.